ರಜೆಯಲ್ಲಿದ್ದೇನೆ: ಡಿ. 12 ಶುಕ್ರವಾರದಿಂದ 18 ಗುರುವಾರದವರೆಗೆ

ಶಿರಸಿ ಕಡೆ ಊರಿಗೆ ಅಡಿಕೆ ಕೊಯ್ಲಿಗೆ ಹೋಗ್ತಿದ್ದೇನೆ. 19ರ ಶುಕ್ರವಾರ ಬೆಳಿಗ್ಗೆ ಸೀಟಿನಲ್ಲಿರ್ತೇನೆ.

ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಿದರೆ ಎರಡು ಕಡ್ಡಿ ಬರುತ್ತೆ. ದಿನಾ ಸಂಜೆ 5ರಿಂದ 5.30 ಅಲ್ಲಿ ನಿಂತು ಮೆಸೇಜ್ ನೋಡಿ ಉತ್ತರ ಹಾಕ್ತೇನೆ. 4.30ರೊಳಗೆ ಕಳಿಸಿದ್ದಕ್ಕೆ ಅವತ್ತೇ ಉತ್ತರ, ಆಮೇಲಿನದಕ್ಕೆ ಮರುದಿನ ಸಂಜೆ. ಭಾನುವಾರ ಗುಡ್ಡ ಹತ್ತೋಲ್ಲ. ಫೋನಲ್ಲೇ ಮಾತಾಡಬೇಕು ಅಂದರೆ ಮಂಗಳವಾರ 16ಕ್ಕೆ ಶಿರಸಿ ಪೇಟೆಯಲ್ಲಿರ್ತೇನೆ, 11ರಿಂದ 1ರ ನಡುವೆ ಮಾಡಿ. ಮೆಸೇಜಿಗೆ ಒಂದೇ ಟಿಕ್ ಕಂಡರೆ ನಾನಿನ್ನೂ ತೋಟದಲ್ಲಿದ್ದೇನೆ ಅಂತಲೇ ಅರ್ಥ, ಮತ್ತೆ ಮತ್ತೆ ಕಳಿಸಬೇಡಿ.

ಬರೀ "ಹಾಯ್, ಇದ್ದೀರಾ?" ಅಂತ ಹಾಕಬೇಡಿ ಮಾರಾಯ್ರೆ. ನಾಳೆ ಸಂಜೆ ನಾನು "ಹೇಳಿ" ಅಂತೇನೆ, ನಾಡಿದ್ದು ನಿಮ್ಮ ಪ್ರಶ್ನೆ ನೋಡ್ತೇನೆ, ಅಲ್ಲಿಗೆ ಎರಡು ದಿನ ಹೋಯ್ತು. ಪಾರ್ಟಿ ಹೆಸರು, ಬಿಲ್ ನಂಬರು, ಮೊತ್ತ, ಏನಾಗಬೇಕು, ಎಲ್ಲ ಒಂದೇ ಮೆಸೇಜಿನಲ್ಲಿ ಟೈಪ್ ಮಾಡಿ. ಪಿಡಿಎಫ್, ವಾಯ್ಸ್ ಮೆಸೇಜು ಗುಡ್ಡದ ಮೇಲೂ ಇಳಿಯೋಲ್ಲ.

ಕೆಲವಕ್ಕೆ ನನ್ನನ್ನು ಕಾಯಲೇಬೇಡಿ. ಇ-ಇನ್‌ವಾಯ್ಸ್ ತಪ್ಪಾದರೆ ರದ್ದು ಮಾಡೋಕೆ ಇರೋದು 24 ಗಂಟೆ. ನನ್ನ ಉತ್ತರ ಬರೋ ಹೊತ್ತಿಗೆ ಅದು ಮುಗಿದು ಕ್ರೆಡಿಟ್ ನೋಟೇ ಗತಿಯಾಗುತ್ತೆ. ಗೊತ್ತಾದ ಕೂಡಲೇ ಬಿಲ್ಲಿಂಗ್ ಡೆಸ್ಕಿಗೆ ಹೇಳಿ. ಅದರ ಮೇಲೆ ಇ-ವೇ ಬಿಲ್ ಆಗಿದ್ದರೆ ಮೊದಲು ಅದನ್ನು ರದ್ದು ಮಾಡಬೇಕು, ಇಲ್ಲದಿದ್ದರೆ ಪೋರ್ಟಲ್ ಇನ್‌ವಾಯ್ಸ್ ರದ್ದು ಮಾಡೋಕೆ ಬಿಡೋಲ್ಲ. ಪೇಮೆಂಟ್ ಅಪ್ರೂವಲ್ ನಮ್ಮ ಮ್ಯಾನೇಜರ್ ಮೇಡಂ ನೋಡ್ತಾರೆ. ನನ್ನ ನಂಬರಿಗೆ ಓಟಿಪಿ ಬರೋ ಹಾಗೆ ಯಾವುದನ್ನೂ ಶುರು ಮಾಡಬೇಡಿ, ಗುಡ್ಡ ಹತ್ತೋದರೊಳಗೆ ಅದು ಎಕ್ಸ್‌ಪೈರ್ ಆಗಿರುತ್ತೆ.

ನವೆಂಬರ್‌ದು ಜಿಎಸ್‌ಟಿಆರ್-1 ಹಾಕಿ ಆಗಿದೆ. 15ರ ಅಡ್ವಾನ್ಸ್ ಟ್ಯಾಕ್ಸ್ ಲೆಕ್ಕ ಮೇಡಂ ಹತ್ತಿರ ಇದೆ, ಕಟ್ಟೋದಷ್ಟೇ ಬಾಕಿ. 14ಕ್ಕೆ 2ಬಿ ಬಂದ ಮೇಲೆ ಪರ್ಚೇಸ್ ಬಿಲ್ ತಾಳೆ ನೋಡೋದು ನಮ್ಮ ಜೂನಿಯರ್. ನಿಮ್ಮ ವೆಂಡರ್ ಬಿಲ್ ಅದರಲ್ಲಿ ಇಲ್ಲ ಅಂತ ಅವರು ಫೋನ್ ಮಾಡಿದರೆ ದಯವಿಟ್ಟು ಅವತ್ತೇ ವೆಂಡರನ್ನು ಕೇಳಿ. 3ಬಿ ಕೊನೇ ದಿನ 20, ನಾನು ಬಂದ ಮೇಲೆ ಉಳಿಯೋದು ಎರಡೇ ದಿನ. ಟ್ರಾವೆಲ್ ಬಿಲ್ಲುಗಳನ್ನು ನನ್ನ ಟ್ರೇಯಲ್ಲಿ ಹಾಕಿಡಿ, ಅವು 22ರ ಸೋಮವಾರದ ಮೇಲೆ.

ಸಿಪ್ಪೆಗೋಟು ಬೇಕಾದವರು ಮಂಗಳವಾರದ ಫೋನಿನಲ್ಲೇ ಹೇಳಿ.