ಗನ್‌ಮೆಟಲ್ ಬುಷ್ ಲಾಟ್‌ಗಳ ಸ್ವೀಕಾರ ತಪಾಸಣೆ: ಸ್ಯಾಂಪಲ್ ಯೋಜನೆ

ದಾಖಲೆ: ಗು.ವಿ./ತಪಾಸಣೆ/07
ಜಾರಿ: 2025ರ ಜುಲೈ 1ರಿಂದ ಬರುವ ಎಲ್ಲ ಲಾಟ್‌ಗಳಿಗೆ
ಸ್ಥಳ: ಒಳಬರುವ ಸರಕಿನ ತಪಾಸಣಾ ಕೊಠಡಿ, ಗೋಕುಲ ರಸ್ತೆ ಕೈಗಾರಿಕಾ ವಸಾಹತು, ಹುಬ್ಬಳ್ಳಿ
ಪ್ರತಿಗಳು: ತಪಾಸಣಾ ವಿಭಾಗ, ಜೋಡಣಾ ವಿಭಾಗ, ಖರೀದಿ ವಿಭಾಗ, ಬೆಳಗಾವಿ ಉದ್ಯಮಬಾಗದ ಪೂರೈಕೆದಾರರು

1. ಯಾವ ಸರಕು, ಯಾಕೆ ಈ ಯೋಜನೆ

ಸಬ್‌ಮರ್ಸಿಬಲ್ ಪಂಪಿನ ಶಾಫ್ಟ್ ತಿರುಗುವ ಗನ್‌ಮೆಟಲ್ ಬುಷ್‌ಗಳಿಗೆ ಈ ಯೋಜನೆ ಅನ್ವಯಿಸುತ್ತದೆ. ಒಳವ್ಯಾಸ 25.000ರಿಂದ 25.021 ಮಿ.ಮೀ., ಹೊರವ್ಯಾಸ 32.026ರಿಂದ 32.042 ಮಿ.ಮೀ., ಉದ್ದ 40 ಮಿ.ಮೀ. (± 0.1). ಒಂದು ಪಂಪಿಗೆ ಎರಡು ಬುಷ್ ಬೇಕು.

ಇಲ್ಲಿಯವರೆಗೆ ನಾವು ನಡೆಸಿಕೊಂಡು ಬಂದದ್ದು ‘ನೂರಕ್ಕೆ ಹತ್ತು ನೋಡು, ಒಂದು ಕೆಟ್ಟದ್ದು ಸಿಕ್ಕರೂ ವಾಪಸ್ ಕಳಿಸು’ ಎಂಬ ಪದ್ಧತಿ. ಮೇಲ್ನೋಟಕ್ಕೆ ಬಿಗಿಯಾಗಿ ಕಾಣುವ ಈ ಪದ್ಧತಿ ನ್ಯಾಯವಾದುದಲ್ಲ. ನೂರಕ್ಕೆ ಒಂದು ದೋಷವಿರುವ ಸರಕನ್ನೇ ತೆಗೆದುಕೊಳ್ಳೋಣ. 500 ಬುಷ್‌ಗಳ ಲಾಟ್ ಆಗಿ ಬಂದರೆ 50 ನೋಡುತ್ತೇವೆ. ಅದು ಪಾಸಾಗುವ ಸಾಧ್ಯತೆ ಸುಮಾರು 60%. ಅದೇ ಸರಕು 2,400ರ ಲಾಟ್ ಆಗಿ ಬಂದರೆ 240 ನೋಡುತ್ತೇವೆ. ಪಾಸಾಗುವ ಸಾಧ್ಯತೆ 9%ಕ್ಕೆ ಇಳಿಯುತ್ತದೆ. ಸರಕಿನ ಗುಣ ಬದಲಾಗಿಲ್ಲ, ಲಾರಿಯಲ್ಲಿ ಬಂದ ಸಂಖ್ಯೆ ಮಾತ್ರ ಬದಲಾಗಿದೆ. ಈ ದಾಖಲೆ ಜಾರಿಗೆ ಬಂದ ದಿನದಿಂದ ಆ ಪದ್ಧತಿ ನಿಲ್ಲುತ್ತದೆ.

2. ಎರಡು ಕಡೆಯವರೂ ಒಪ್ಪಿದ ಮಟ್ಟಗಳು

ಲಾಟ್‌ನಲ್ಲಿರುವ ದೋಷಯುಕ್ತ ಬುಷ್‌ಗಳ ಸಂಖ್ಯೆಯನ್ನು ಒಟ್ಟು ಬುಷ್‌ಗಳಿಂದ ಭಾಗಿಸಿದರೆ ಬರುವುದು ದೋಷಾಂಶ. ಅದನ್ನು p ಎಂದು ಬರೆಯುತ್ತೇವೆ.

ಒಳ್ಳೆಯ ಲಾಟ್ ಎಂದರೆ p 1% ಅಥವಾ ಅದಕ್ಕಿಂತ ಕಡಿಮೆ. ಇಂಥ ಲಾಟನ್ನು ನಾವು ತಪ್ಪಾಗಿ ತಿರಸ್ಕರಿಸುವ ಸಾಧ್ಯತೆಯೇ ಉತ್ಪಾದಕರ ಅಪಾಯ. ಅದು 5% ಮೀರಬಾರದು.

ನಮಗೆ ತಾಳಲಾಗದ ಲಾಟ್ ಎಂದರೆ p 5% ಅಥವಾ ಹೆಚ್ಚು. ಇಂಥದ್ದು ನಮ್ಮ ಕಣ್ಣು ತಪ್ಪಿಸಿ ಒಳಗೆ ಬರುವ ಸಾಧ್ಯತೆಯೇ ಗ್ರಾಹಕರ ಅಪಾಯ. ಅದು 10% ಮೀರಬಾರದು.

5% ಎಂಬ ಗೆರೆಯನ್ನು ಜೋಡಣೆಯ ಲೆಕ್ಕ ನೋಡಿ ಹಾಕಲಾಗಿದೆ. ಪಂಪಿಗೆ ಎರಡು ಬುಷ್ ಆದ್ದರಿಂದ 5% ದೋಷಾಂಶದ ಲಾಟ್‌ನಿಂದ ಮಾಡಿದ ಪಂಪುಗಳಲ್ಲಿ ಸುಮಾರು ಹತ್ತಕ್ಕೊಂದರಲ್ಲಿ ಕೆಟ್ಟ ಬುಷ್ ಸೇರುತ್ತದೆ. 1% ಇದ್ದರೆ ನೂರಕ್ಕೆ ಎರಡು. ಪರೀಕ್ಷಾ ಮೇಜಿನಲ್ಲಿ ಸಿಕ್ಕಿದರೆ ಪಂಪ್ ಬಿಚ್ಚಿ ಸರಿಪಡಿಸಬಹುದು. ಅಲ್ಲಿಯೂ ತಪ್ಪಿಸಿಕೊಂಡರೆ ಯಾವುದೋ ರೈತ ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿ ಕೊಳವೆಬಾವಿಯಿಂದ ನೂರಾರು ಅಡಿ ಪೈಪ್ ಎತ್ತಿಸಬೇಕಾಗುತ್ತದೆ. ಆ ಖರ್ಚು ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಹಾಗೆಂದು ಅದನ್ನು ಮರೆಯುವಂತಿಲ್ಲ.

3. ಯೋಜನೆ

ಪ್ರತಿ ಲಾಟ್‌ನಿಂದ 132 ಬುಷ್ ತೆಗೆದು ಪರೀಕ್ಷಿಸಬೇಕು. ದೋಷಯುಕ್ತವಾದವು 3 ಅಥವಾ ಕಡಿಮೆ ಇದ್ದರೆ ಲಾಟ್ ಸ್ವೀಕಾರ. 4 ಅಥವಾ ಹೆಚ್ಚಿದ್ದರೆ ತಿರಸ್ಕಾರ.

ಐಎಸ್ 2500ರ ಕೋಷ್ಟಕದಲ್ಲಿ 2,400 ಬುಷ್‌ಗಳ ಲಾಟ್‌ಗೆ, ಸಾಮಾನ್ಯ ತಪಾಸಣಾ ಮಟ್ಟ 2ರಲ್ಲಿ, 125 ಬುಷ್ ಮತ್ತು ಸ್ವೀಕಾರ ಸಂಖ್ಯೆ 3 ಎಂದಿದೆ. ಅದನ್ನೂ ಲೆಕ್ಕ ಹಾಕಿ ನೋಡಿದ್ದೇವೆ. ಉತ್ಪಾದಕರ ಅಪಾಯ 3.7% ಬರುತ್ತದೆ, ಸರಿಯೇ ಇದೆ. ಆದರೆ 5% ದೋಷವಿರುವ ಲಾಟ್ ಪಾಸಾಗುವ ಸಾಧ್ಯತೆ 12.4%, ಒಪ್ಪಂದದ ಮಿತಿಯನ್ನು ಇದು ದಾಟುತ್ತದೆ. ಏಳು ಬುಷ್ ಹೆಚ್ಚು ನೋಡಿದರೆ ಅದು 9.9%ಕ್ಕೆ ಇಳಿಯುತ್ತದೆ, ಉತ್ಪಾದಕರ ಅಪಾಯ 4.4%ಕ್ಕೆ ನಿಲ್ಲುತ್ತದೆ. ಎರಡೂ ಷರತ್ತುಗಳು ಒಟ್ಟಿಗೆ ಈಡೇರುವ ಅತಿ ಚಿಕ್ಕ ಸ್ಯಾಂಪಲ್ ಇದೇ. ಏಳು ಬುಷ್‌ಗಳಿಗೆ ಗೇಜ್ ಹಾಕುವುದು ದೊಡ್ಡ ಕೆಲಸವಲ್ಲ.

ಲೆಕ್ಕ ಬೈನಾಮಿಯಲ್ ವಿತರಣೆಯದು. ಕಚೇರಿಯ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು:

```
=BINOM.DIST(3,132,0.05,TRUE)
```

ಉತ್ತರ 0.0992 ಬರಬೇಕು. ಬೇರೆ ಬೇರೆ ದೋಷಾಂಶಗಳಿಗೆ ಯೋಜನೆ ಹೇಗೆ ವರ್ತಿಸುತ್ತದೆ ಎಂಬುದು ಕೆಳಗಿದೆ.

| ಲಾಟ್‌ನ ದೋಷಾಂಶ | ಸ್ವೀಕಾರವಾಗುವ ಸಾಧ್ಯತೆ |
|---|---|
| 0.5% | 99.5% |
| 1% | 95.6% |
| 2% | 72.8% |
| 3% | 43.8% |
| 4% | 22.2% |
| 5% | 9.9% |
| 6% | 4.0% |
| 8% | 0.5% |

ನಡುವಿನ ಸಾಲುಗಳನ್ನು ಗಮನಿಸಿ. 2% ಮತ್ತು 3% ದೋಷದ ಲಾಟ್‌ಗಳು ಒಮ್ಮೆ ಪಾಸಾಗುತ್ತವೆ, ಒಮ್ಮೆ ಬೀಳುತ್ತವೆ. ಇದು ತಪಾಸಕರ ಅಜಾಗರೂಕತೆಯೂ ಅಲ್ಲ, ಪೂರೈಕೆದಾರರ ಮೋಸವೂ ಅಲ್ಲ. ಸ್ಯಾಂಪಲ್ ನೋಡಿ ತೀರ್ಮಾನಿಸುವಲ್ಲಿ ಇಂಥ ಮಸುಕು ಪ್ರದೇಶ ಇದ್ದೇ ಇರುತ್ತದೆ. ಅದನ್ನು ಕಿರಿದು ಮಾಡಬೇಕಾದರೆ ಸ್ಯಾಂಪಲ್ ದೊಡ್ಡದಾಗಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ನಿವಾರಿಸಬೇಕು. ಗ್ರಾಹಕರ ಅಪಾಯ 9.9% ಎಂದರೆ ಸ್ವೀಕರಿಸಿದ ಲಾಟ್‌ಗಳಲ್ಲಿ ಹತ್ತಕ್ಕೊಂದು ಕೆಟ್ಟದ್ದು ಎಂದಲ್ಲ. ಸರಿಯಾಗಿ 5% ದೋಷವಿರುವ ಲಾಟ್ ಬಂದಾಗ ಅದು ನುಸುಳುವ ಸಾಧ್ಯತೆ ಅಷ್ಟು ಎಂದರ್ಥ. ಪೂರೈಕೆದಾರರ ಯಂತ್ರಗಳು ಸುಸ್ಥಿತಿಯಲ್ಲಿದ್ದರೆ ಅಂಥ ಲಾಟ್ ನಮ್ಮ ಬಾಗಿಲಿಗೆ ಬರುವುದೇ ಅಪರೂಪ.

4. ಲಾಟ್ ಮತ್ತು ಸ್ಯಾಂಪಲ್ ತೆಗೆಯುವ ಕ್ರಮ

ಒಂದೇ ಎರಕದ, ಒಂದೇ ಲೇತ್‌ನಲ್ಲಿ ಒಂದೇ ಸೆಟ್ಟಿಂಗ್‌ನಲ್ಲಿ ತಿರುಗಿಸಿದ ಬುಷ್‌ಗಳು ಮಾತ್ರ ಒಂದು ಲಾಟ್. ಎರಡು ಯಂತ್ರಗಳ ಸರಕನ್ನು ಬೆರೆಸಿ ಕಳಿಸಿದರೆ ಒಳ್ಳೆಯ ಯಂತ್ರದ ಬುಷ್‌ಗಳು ಕೆಟ್ಟ ಯಂತ್ರದ ದೋಷವನ್ನು ಮರೆಮಾಡುತ್ತವೆ. ಎರಕದ ಸಂಖ್ಯೆ ಮತ್ತು ಯಂತ್ರದ ಸಂಖ್ಯೆ ಪ್ರತಿ ಟ್ರೇನ ಚೀಟಿಯಲ್ಲಿ ಇರಲೇಬೇಕು. ಚೀಟಿ ಇಲ್ಲದ ಟ್ರೇ ಇದ್ದರೆ ತಪಾಸಣೆ ಆರಂಭಿಸಬಾರದು.

ಸಾಮಾನ್ಯ ಲಾಟ್ 2,400 ಬುಷ್‌ಗಳದು: 12 ಟ್ರೇ, ಟ್ರೇಗೆ 200, ಐದು ಪದರಗಳಲ್ಲಿ ಪದರಕ್ಕೆ 40. ಪ್ರತಿ ಟ್ರೇಯಿಂದ 11 ತೆಗೆಯಿರಿ. ಐದೂ ಪದರಗಳಿಂದ ಎರಡೆರಡು, ಹನ್ನೊಂದನೆಯದು ಯಾವ ಪದರದಿಂದ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಪದರದೊಳಗಿನ ಸ್ಥಾನವನ್ನು ಕೊಠಡಿಯಲ್ಲಿರುವ ಯಾದೃಚ್ಛಿಕ ಸಂಖ್ಯೆಗಳ ಹಾಳೆಯಿಂದ ಓದಿಕೊಳ್ಳಿ; ಹಾಳೆಯ ಯಾವ ಸಾಲಿನಿಂದ ಆರಂಭಿಸಿದಿರಿ ಎಂಬುದನ್ನು ವರದಿಯಲ್ಲಿ ಬರೆಯಿರಿ. ಕೈಗೆ ಸಿಕ್ಕಿದ್ದನ್ನು, ಹೊಳೆಯುತ್ತಿರುವುದನ್ನು, ಮೇಲಿರುವುದನ್ನು ಆರಿಸಿದರೆ ಮೇಲಿನ ಕೋಷ್ಟಕದ ಒಂದು ಸಂಖ್ಯೆಯೂ ನಿಲ್ಲುವುದಿಲ್ಲ.

ಲಾಟ್ 500ರಿಂದ 3,200ರೊಳಗೆ ಎಷ್ಟೇ ಇರಲಿ, ಸ್ಯಾಂಪಲ್ 132. ಟ್ರೇಗಳ ನಡುವೆ ಸಮನಾಗಿ ಹಂಚಿ. ಲಾಟ್ ಚಿಕ್ಕದಾದಷ್ಟೂ ಎರಡೂ ಅಪಾಯಗಳು ಇನ್ನಷ್ಟು ಕಡಿಮೆಯಾಗುತ್ತವೆಯೇ ಹೊರತು ಹೆಚ್ಚುವುದಿಲ್ಲ. 500ಕ್ಕಿಂತ ಕಡಿಮೆ ಇದ್ದರೆ ಪೂರ್ತಿ ನೋಡಿ.

5. ಪರೀಕ್ಷೆ

ಬೇಸಿಗೆಯಲ್ಲಿ ಲಾರಿಯಿಂದ ಇಳಿದ ಬುಷ್ ಮುಟ್ಟಿದರೆ ಬಿಸಿ ಇರುತ್ತದೆ. ಗೇಜ್‌ಗಿಂತ 15 ಡಿಗ್ರಿ ಹೆಚ್ಚು ಬಿಸಿ ಇರುವ ಗನ್‌ಮೆಟಲ್ ಬುಷ್‌ನ ಒಳವ್ಯಾಸ ಸುಮಾರು 7 ಮೈಕ್ರಾನ್ ಹಿಗ್ಗಿರುತ್ತದೆ. ನಮ್ಮ ಇಡೀ ಮಿತಿಯೇ 21 ಮೈಕ್ರಾನ್. ಅದರ ಮೂರನೆಯ ಒಂದು ಭಾಗ ಬಿಸಿಲಿಗೇ ಹೋಯಿತು. ಸರಿಯಾದ ಬುಷ್ ನೋ-ಗೋ ಗೇಜ್ ನುಂಗಿಬಿಡಬಹುದು, ಬಿಗಿಯಾದ ಬುಷ್ ಗೋ ಗೇಜನ್ನು ಸಲೀಸಾಗಿ ಬಿಟ್ಟುಕೊಳ್ಳಬಹುದು. ಆದ್ದರಿಂದ ಸ್ಯಾಂಪಲ್ ಮತ್ತು ಗೇಜ್ ಎರಡನ್ನೂ ಒಂದೇ ಕಬ್ಬಿಣದ ಮೇಜಿನ ಮೇಲೆ ಕನಿಷ್ಠ ಎರಡು ಗಂಟೆ ಇಟ್ಟ ನಂತರವೇ ಅಳೆಯಬೇಕು. ಎಣ್ಣೆ ಒರೆಸಿ, ಲೋಹದ ಚೂರು ಇಲ್ಲದಂತೆ ಊದಿ, ಗೇಜನ್ನು ನೇರವಾಗಿ ಇಳಿಸಿ. ಒತ್ತಬೇಡಿ.

ಒಳವ್ಯಾಸಕ್ಕೆ ಪ್ಲಗ್ ಗೇಜ್, ಹೊರವ್ಯಾಸಕ್ಕೆ ಮೈಕ್ರೋಮೀಟರ್, ಉದ್ದಕ್ಕೆ ವರ್ನಿಯರ್. ಒಳಮೈಯಲ್ಲಿ ಕಣ್ಣಿಗೆ ಕಾಣುವ ಗಾಳಿರಂಧ್ರ ಅಥವಾ ಬೆರಳಿಗೆ ತಾಗುವ ಬರ್ ಇದ್ದರೂ ದೋಷವೇ. ಒಂದೇ ಬುಷ್‌ನಲ್ಲಿ ಎರಡು ಮೂರು ದೋಷಗಳಿದ್ದರೂ ಅದು ಒಂದೇ ದೋಷಯುಕ್ತ ಬುಷ್ ಎಂದು ಎಣಿಸಿ.

ನಾಲ್ಕನೆಯದು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. 132 ಮುಗಿಸಿ. ಪೂರೈಕೆದಾರರ ಸರಾಸರಿ ದೋಷಾಂಶವನ್ನು ಅಂದಾಜು ಮಾಡಲು ಪೂರ್ತಿ ಎಣಿಕೆ ಬೇಕು.

ಬಿರುಕು ಈ ಯೋಜನೆಗೆ ಒಳಪಡುವುದಿಲ್ಲ. 132ರಲ್ಲಿ ಒಂದೂ ಬಿರುಕು ಕಾಣಲಿಲ್ಲ ಎಂದರೆ ಲಾಟ್‌ನಲ್ಲಿ ಬಿರುಕಿಲ್ಲ ಎಂದಾಗದು: ನೂರಕ್ಕೊಂದು ಬಿರುಕಿರುವ ಲಾಟ್ ಕೂಡ ನಾಲ್ಕರಲ್ಲಿ ಒಂದು ಸಲ ಹೀಗೆಯೇ ನಿರ್ಮಲವಾಗಿ ಕಾಣುತ್ತದೆ. ಪ್ರೆಸ್ ಮಾಡುವ ಮೊದಲು ಪ್ರತಿ ಬುಷ್ ಜೋಡಣೆಗಾರರ ಕೈ ದಾಟಿಯೇ ಹೋಗುತ್ತದೆ. ಅಲ್ಲಿ, ಬೆಳಕಿನ ಕೆಳಗೆ, ಎಲ್ಲವನ್ನೂ ನೋಡಬೇಕು.

6. ತಿರಸ್ಕಾರವಾದ ಮೇಲೆ

ಎರಡನೆಯ ಸ್ಯಾಂಪಲ್ ಇಲ್ಲ. ‘ಇನ್ನೊಂದು ಸಲ ತೆಗೆದು ನೋಡಿ, ಈ ಸಲ ಸರಿ ಬರಬಹುದು’ ಎಂಬ ಕೋರಿಕೆ ಪೂರೈಕೆದಾರರಿಂದ ಬರಲಿ, ಪಂಪ್ ಕಳಿಸುವ ಆತುರದಲ್ಲಿರುವ ನಮ್ಮ ಜೋಡಣಾ ವಿಭಾಗದಿಂದಲೇ ಬರಲಿ, ಉತ್ತರ ಒಂದೇ. 5% ದೋಷದ ಲಾಟ್‌ಗೆ ಎರಡು ಅವಕಾಶ ಕೊಟ್ಟರೆ ಅದು ಪಾಸಾಗುವ ಸಾಧ್ಯತೆ 9.9%ರಿಂದ 18.9%ಕ್ಕೆ ಏರುತ್ತದೆ. 4%ರ ಲಾಟ್‌ಗೆ 22.2%ರಿಂದ 39.5%ಕ್ಕೆ. ಕಾಗದದ ಮೇಲೆ ಅದೇ ಯೋಜನೆ ಉಳಿದಿರುತ್ತದೆ, ಅಪಾಯ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಈ ದಾಖಲೆಯ ಯಾವ ಸಾಲನ್ನು ಮರೆತರೂ ಇದನ್ನು ಮರೆಯಬಾರದು.

ತಿರಸ್ಕೃತ ಲಾಟನ್ನು ಪೂರೈಕೆದಾರರು ತಮ್ಮ ಖರ್ಚಿನಲ್ಲಿ ಪೂರ್ತಿ ಆರಿಸಿ, ಕೆಟ್ಟವುಗಳ ಬದಲು ಒಳ್ಳೆಯವನ್ನು ಕೊಡಬೇಕು. ಸ್ವೀಕೃತ ಲಾಟ್‌ನ ಸ್ಯಾಂಪಲ್‌ನಲ್ಲಿ ಸಿಕ್ಕ ಕೆಟ್ಟವೂ ಬದಲಾಗಬೇಕು. ಹೀಗೆ ನಡೆದರೆ 2,400ರ ಲಾಟ್‌ಗಳಲ್ಲಿ, ಬರುವ ಸರಕು ಎಷ್ಟೇ ಕೆಟ್ಟದಿರಲಿ, ಜೋಡಣೆಗೆ ಹೋಗುವ ಸರಕಿನ ದೀರ್ಘಕಾಲದ ಸರಾಸರಿ ದೋಷಾಂಶ 1.4% ಮೀರುವುದಿಲ್ಲ. ಬರುವ ಸರಕಿನ ದೋಷಾಂಶ 2.2%ರ ಆಸುಪಾಸಿನಲ್ಲಿದ್ದಾಗ ಆ ಗರಿಷ್ಠ ಮಟ್ಟ ಬರುತ್ತದೆ. ಅದಕ್ಕಿಂತ ಕೆಟ್ಟದಾದರೆ ಹೆಚ್ಚು ಲಾಟ್‌ಗಳು ಬಿದ್ದು ಪೂರ್ತಿ ಆರಿಸಲ್ಪಡುತ್ತವೆ.

ಇದರಲ್ಲಿ ಪೂರೈಕೆದಾರರ ಹಿತವೂ ಇದೆ. 1% ದೋಷಾಂಶ ಕಾಪಾಡಿಕೊಂಡರೆ ಲಾಟ್‌ಗೆ ಸರಾಸರಿ ಸುಮಾರು 230 ಬುಷ್‌ಗಳನ್ನು ಮಾತ್ರ ನೋಡಬೇಕಾಗುತ್ತದೆ. 4% ಆದರೆ ಸುಮಾರು 1,900.

7. ಬಿಗಿ ತಪಾಸಣೆ

ಸತತ ಐದು ಅಥವಾ ಅದಕ್ಕಿಂತ ಕಡಿಮೆ ಲಾಟ್‌ಗಳಲ್ಲಿ ಎರಡು ತಿರಸ್ಕಾರವಾದರೆ ಮುಂದಿನ ಲಾಟ್‌ನಿಂದ ಸ್ವೀಕಾರ ಸಂಖ್ಯೆ 2. ಸ್ಯಾಂಪಲ್ 132 ಆಗಿಯೇ ಉಳಿಯುತ್ತದೆ. ಆಗ 5% ದೋಷದ ಲಾಟ್ ನುಸುಳುವ ಸಾಧ್ಯತೆ 3.7%; ಆದರೆ 1% ದೋಷದ ಒಳ್ಳೆಯ ಲಾಟ್ ಬೀಳುವ ಸಾಧ್ಯತೆ 14.7%ಕ್ಕೆ ಏರುತ್ತದೆ. ಸತತ ಐದು ಲಾಟ್ ಪಾಸಾದರೆ ಸಾಮಾನ್ಯ ತಪಾಸಣೆಗೆ ಮರಳುತ್ತೇವೆ. ಬಿಗಿ ತಪಾಸಣೆಯಲ್ಲಿ ಒಟ್ಟು ಐದು ಲಾಟ್ ಬಿದ್ದರೆ ಖರೀದಿ ನಿಲ್ಲುತ್ತದೆ. ಲೇತ್‌ನಲ್ಲಿ ಏನು ಸರಿಪಡಿಸಿದರೆಂದು ಪೂರೈಕೆದಾರರು ತೋರಿಸಿದ ಮೇಲೆಯೇ ಮತ್ತೆ ಆರಂಭ.

ಪೂರೈಕೆದಾರರು ಗಮನಿಸಬೇಕಾದ್ದು: 1%ರಲ್ಲೇ ನಿಂತವರು ಬಿಗಿ ತಪಾಸಣೆಯಲ್ಲಿ ಮೊದಲ ಐದೂ ಲಾಟ್‌ಗಳನ್ನು ದಾಟುವ ಸಾಧ್ಯತೆ 45% ಮಾತ್ರ. 0.5%ಕ್ಕೆ ಇಳಿಸಿಕೊಂಡವರಿಗೆ ಅದು 86%. 1% ಎಂಬುದನ್ನು ಗುರಿಯೆಂದು ತಿಳಿಯದೆ ಮಿತಿಯೆಂದು ತಿಳಿಯಬೇಕು.

ಸಡಿಲ ತಪಾಸಣೆಯನ್ನು ಸದ್ಯಕ್ಕೆ ಕೊಡುತ್ತಿಲ್ಲ.

8. ದಾಖಲೆ ಮತ್ತು ತಕರಾರು

ಪ್ರತಿ ಲಾಟ್‌ಗೆ ಟ್ರೇವಾರು ಎಣಿಕೆ, ದೋಷದ ವಿಧ, ಎರಕ ಮತ್ತು ಯಂತ್ರದ ಸಂಖ್ಯೆ, ಕೊಠಡಿಯ ಉಷ್ಣಾಂಶ, ತಪಾಸಕರ ಸಹಿ ಇರಬೇಕು. ಹತ್ತು ಲಾಟ್‌ಗೊಮ್ಮೆ ಒಟ್ಟು ದೋಷಯುಕ್ತ ಬುಷ್‌ಗಳನ್ನು 1,320ರಿಂದ ಭಾಗಿಸಿ ಬಂದ ಸರಾಸರಿಯನ್ನು ಪೂರೈಕೆದಾರರಿಗೆ ಬರೆದು ತಿಳಿಸಬೇಕು.

ತಕರಾರು ಬಂದರೆ ದೋಷಯುಕ್ತವೆಂದು ಗುರುತಿಸಿದ ಬುಷ್‌ಗಳನ್ನು ಮಾತ್ರ ಎರಡೂ ಕಡೆಯವರ ಎದುರಿನಲ್ಲಿ, ಅದೇ ಕೊಠಡಿಯಲ್ಲಿ, ಮಾಪನಾಂಕ ಪರೀಕ್ಷೆಯ ಅವಧಿ ಮೀರದ ಗೇಜ್‌ನಿಂದ ಮತ್ತೆ ಅಳೆಯಲಾಗುತ್ತದೆ. ಅಳತೆ ತಪ್ಪಾಗಿದ್ದರೆ ಎಣಿಕೆಯನ್ನು ತಿದ್ದಲಾಗುತ್ತದೆ, ತೀರ್ಮಾನವೂ ಬದಲಾಗುತ್ತದೆ. ಹಾಗಾಗಿ ದೋಷಯುಕ್ತ ಬುಷ್‌ಗಳನ್ನು ಲಾಟ್ ಸಂಖ್ಯೆ ಬರೆದ ಚೀಲದಲ್ಲಿ ಮೂವತ್ತು ದಿನ ಕಾದಿರಿಸಬೇಕು.