ಆರು ತಿಂಗಳ ಪ್ರಗತಿ ಬಗ್ಗೆ ಅಭಿಪ್ರಾಯ: ಮಂಜುನಾಥ್, ಸಿಎನ್‌ಸಿ ಟರ್ನಿಂಗ್ ವಿಭಾಗ, ಜನವರಿ–ಜೂನ್

ಮಂಜುನಾಥ್ ಅವರಿಗೆ ನಮಸ್ಕಾರ.

ಜನವರಿಯಲ್ಲಿ ನಾವಿಬ್ಬರೂ ಕೂತು ನಾಲ್ಕು ಗುರಿ ಬರೆದುಕೊಂಡಿದ್ದೆವು. ಸೆಟ್ಟಿಂಗ್ ಸಮಯ 95 ನಿಮಿಷದಿಂದ 60ಕ್ಕೆ ಇಳಿಯಬೇಕು. ನಿಮ್ಮ ಮೆಷಿನ್‌ನ ರಿಜೆಕ್ಷನ್ ಶೇ 2.8ರಿಂದ ಶೇ 1ಕ್ಕೆ ಬರಬೇಕು. ಹೊಸ ಪ್ರೋಗ್ರಾಮನ್ನು ಯಾರ ನೆರವೂ ಇಲ್ಲದೆ ಓಡಿಸಿ ಫಸ್ಟ್ ಪೀಸ್ ಪಾಸ್ ಮಾಡಿಸಬೇಕು. ಇಬ್ಬರು ಟ್ರೈನಿಗಳು ಒಬ್ಬೊಬ್ಬರೇ ಶಿಫ್ಟ್ ನಡೆಸುವಂತಾಗಬೇಕು. ಸೆಟ್ಟಿಂಗ್ ಮತ್ತು ಪ್ರೋಗ್ರಾಮ್ ಗುರಿ ಮುಗಿದಿವೆ. ರಿಜೆಕ್ಷನ್ ಶೇ 1.6ರಲ್ಲಿ ನಿಂತಿದೆ. ಟ್ರೈನಿಗಳ ಕೆಲಸ ಅರ್ಧ ಆಗಿದೆ. ಸೆಟ್ಟಿಂಗ್ ರಿಜಿಸ್ಟರ್ ಮತ್ತು ಇನ್‌ಸ್ಪೆಕ್ಷನ್ ಶೀಟ್ ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಯಾವ ಮಾತಿಗಾದರೂ ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ಆ ಪುಟ ತೆರೆದು ತೋರಿಸಿ, ಮತ್ತೆ ಮಾತಾಡೋಣ.

ಸೆಟ್ಟಿಂಗ್

ಜೂನ್ ಸರಾಸರಿ 58 ನಿಮಿಷ. ಇದು ಕೈ ಚುರುಕಾಗಿದ್ದರಿಂದ ಮಾತ್ರ ಬಂದದ್ದಲ್ಲ. ಮೆಷಿನ್ ನಿಂತ ಮೇಲೆ ಮಾಡುತ್ತಿದ್ದ ಕೆಲಸಗಳನ್ನು ನೀವು ಮೆಷಿನ್ ಓಡುತ್ತಿರುವಾಗಲೇ ಮುಗಿಸುವುದಕ್ಕೆ ಶುರುಮಾಡಿದಿರಿ. ಹಿಂದಿನ ಬ್ಯಾಚ್‌ನ ಕೊನೆಯ ಹತ್ತು ಜಾಬ್ ಓಡುವಷ್ಟರಲ್ಲಿ ಐದೂ ಹೋಲ್ಡರ್‌ಗಳಿಗೆ ಹೊಸ ಇನ್ಸರ್ಟ್ ಕೂರಿಸಿ ಟ್ರೇನಲ್ಲಿ ಜೋಡಿಸಿಡುತ್ತೀರಿ. ಸಾಫ್ಟ್ ಜಾಗಳಿಗೆ 1, 2, 3 ನಂಬರ್ ಹೊಡೆದು, ಯಾವ ಹಲ್ಲಿಗೆ ಕೂರಬೇಕೆಂದು ಪೇಂಟ್ ಗುರುತು ಹಾಕಿದ್ದು ಬಹಳ ಒಳ್ಳೆಯ ಕೆಲಸ. ಪಕ್ಕದ ಎರಡು ಮೆಷಿನ್‌ನವರೂ ಈಗ ಹಾಗೇ ಮಾಡುತ್ತಿದ್ದಾರೆ.

ಒಂದು ಕಡೆ ಮಾತ್ರ ಅವಸರ ಕಾಣುತ್ತದೆ. ಮೇನಲ್ಲಿ ಎರಡು ಸಲ ಜಾ ಬೋರ್ ಮಾಡಿದ್ದು 12 ಕೆ.ಜಿ. ಪ್ರೆಷರ್‌ನಲ್ಲಿ, ಜಾಬ್ ಓಡಿಸಿದ್ದು 18ರಲ್ಲಿ. ಪ್ರೆಷರ್ ಏರಿದಾಗ ಜಾ ತುದಿ ಹೊರಕ್ಕೆ ಬಾಗುತ್ತದೆ, ಹಿಡಿತ ಬುಡದಲ್ಲಷ್ಟೇ ಉಳಿಯುತ್ತದೆ. ಎರಡೂ ಸಲ ರನ್‌ಔಟ್ 0.05 ಬಂದದ್ದಕ್ಕೆ ಕಾರಣ ಅದೇ. ಬೋರ್ ಮಾಡುವಾಗ ಒಳಗೆ ರಿಂಗ್ ಹಿಡಿಸಿ, ಜಾಬ್ ಓಡಿಸುವ ಪ್ರೆಷರ್‌ನಲ್ಲೇ ಬೋರ್ ಮಾಡಿ. ಆಮೇಲೆ ಡಯಲ್ ಹಚ್ಚಿ 0.02 ಒಳಗಿದ್ದರೆ ಮಾತ್ರ ಮುಂದಿನ ಕೆಲಸ. ಇದಕ್ಕೆ ನಾಲ್ಕು ನಿಮಿಷ ಹೆಚ್ಚಾದರೂ ನನ್ನ ತಕರಾರಿಲ್ಲ.

ಪ್ರೋಗ್ರಾಮ್

ಮೂರು ಹೊಸ ಪ್ರೋಗ್ರಾಮ್ ಒಬ್ಬರೇ ಓಡಿಸಿದಿರಿ, ಮೂರರಲ್ಲೂ ಮೊದಲ ಪೀಸೇ ಪಾಸ್. ಸಿಂಗಲ್ ಬ್ಲಾಕ್, ರ‍್ಯಾಪಿಡ್ 25%, ಪ್ರತಿ ಸಲ ಸ್ಟಾರ್ಟ್ ಒತ್ತುವ ಮೊದಲು ಉಳಿದ ದೂರ ಓದಿಕೊಳ್ಳುವುದು, ಈ ಕ್ರಮ ನಿಮಗೆ ಕೈವಶವಾಗಿದೆ. ಏಪ್ರಿಲ್‌ನಲ್ಲಿ ಬಂದ ಪ್ರೋಗ್ರಾಮ್‌ನಲ್ಲಿ ಈ ಎರಡು ಸಾಲುಗಳಲ್ಲಿ ಮೊದಲನೆಯದು ಬಿಟ್ಟುಹೋಗಿತ್ತು:

```
G50 S2500
G96 S180 M03
```

ಅದನ್ನು ಓಡಿಸುವ ಮೊದಲೇ ಹಿಡಿದವರು ನೀವು. ಫೇಸಿಂಗ್‌ನಲ್ಲಿ ಟೂಲ್ ಸೆಂಟರ್ ಕಡೆ ಹೋದಂತೆ G96 ಸ್ಪೀಡ್ ಏರಿಸುತ್ತಲೇ ಇರುತ್ತದೆ. ಮಿತಿ ಹಾಕದಿದ್ದರೆ ಸ್ಪಿಂಡಲ್ ತನ್ನ ಗರಿಷ್ಠ ವೇಗಕ್ಕೆ ಹೋಗುತ್ತದೆ, ಆ ವೇಗದಲ್ಲಿ ಚಕ್ ಹಿಡಿತ ಸಡಿಲವಾಗುತ್ತದೆ. ಜಾಬ್ ಹಾರಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಈ ಗುರಿಯ ಬಗ್ಗೆ ಇನ್ನು ಹೇಳುವುದೇನೂ ಇಲ್ಲ.

ರಿಜೆಕ್ಷನ್: ಮುಖ್ಯ ಮಾತು ಇಲ್ಲಿದೆ

ಶೇ 2.8ರಿಂದ 1.6ಕ್ಕೆ ಬಂದದ್ದು ಕಡಿಮೆ ಸಾಧನೆಯಲ್ಲ. ಆದರೆ ಏಪ್ರಿಲ್‌ನಿಂದ ಅದು ಕದಲಿಲ್ಲ. ಜೂನ್‌ನ ಶೀಟ್‌ಗಳನ್ನು ಪೂರ್ತಿ ನೋಡಿದೆ. ಉಳಿದಿರುವ ರಿಜೆಕ್ಷನ್‌ನಲ್ಲಿ ಹೆಚ್ಚಿನದು ಒಂದೇ ಕಡೆಯದು: 25 ಎಂಎಂ ಬೇರಿಂಗ್ ಸೀಟ್, ಮಿತಿ 24.979ರಿಂದ 25.000. ಒಂದು ಮಧ್ಯಾಹ್ನದ ಶೀಟ್‌ನಲ್ಲಿ ನೀವೇ ಬರೆದ ಸೈಜ್‌ಗಳು ಹೀಗಿವೆ: 24.993, 24.987, 24.994, 24.984, 24.997, 24.981, 25.002, 24.977. ಎರಡನೆಯದರಿಂದ ಮುಂದೆ ಪ್ರತಿ ಜಾಬ್ ಆದ ಮೇಲೂ ವೇರ್ ಆಫ್‌ಸೆಟ್ ತಿದ್ದಿದ್ದೀರಿ. ಒಂದು ಸಲ ಕೆಳಗೆ, ಮರು ಸಲ ಮೇಲೆ. ತಿದ್ದಿದಷ್ಟೂ ಓಲಾಟ ಜಾಸ್ತಿಯಾಗಿ, ಏಳನೆಯದು ರೀವರ್ಕ್‌ಗೆ, ಎಂಟನೆಯದು ಸ್ಕ್ರ್ಯಾಪ್‌ಗೆ ಹೋಯಿತು.

ಮೊದಲ ಎರಡು ಸೈಜ್‌ಗಳ ನಡುವಿನ 6 ಮೈಕ್ರಾನ್ ವ್ಯತ್ಯಾಸ ಮೆಷಿನ್‌ನದ್ದಲ್ಲ. ಅಳೆದ ರೀತಿಯದ್ದು. ಒಂದು ಜಾಬನ್ನು ಚಕ್‌ನಿಂದ ತೆಗೆದ ಕೂಡಲೇ, ಕೈಗೆ ಬಿಸಿ ತಾಗುವಾಗಲೇ ಮೈಕ್ರೋಮೀಟರ್‌ನಲ್ಲಿ ಹಿಡಿದಿರಿ; ಇನ್ನೊಂದನ್ನು ಟ್ರೇನಲ್ಲಿ ಹತ್ತು ನಿಮಿಷ ಬಿಟ್ಟು ಅಳೆದಿರಿ. 25 ಎಂಎಂ ಸ್ಟೀಲ್ ಪ್ರತಿ 10 ಡಿಗ್ರಿಗೆ ಸುಮಾರು 3 ಮೈಕ್ರಾನ್ ಹಿಗ್ಗುತ್ತದೆ. 20 ಡಿಗ್ರಿ ಬಿಸಿ ಇದ್ದರೆ 6 ಮೈಕ್ರಾನ್ ಅಲ್ಲೇ ಬಂತು. 21 ಮೈಕ್ರಾನ್ ಮಿತಿಯಲ್ಲಿ ಅದು ಕಾಲು ಪಾಲಿಗಿಂತ ಹೆಚ್ಚು. ಇರದ ತಪ್ಪನ್ನು ಆಫ್‌ಸೆಟ್‌ನಿಂದ ಸರಿಪಡಿಸಲು ಹೋದರೆ ನಿಜವಾದ ತಪ್ಪು ಹುಟ್ಟುತ್ತದೆ.

ಇನ್ನು ಮುಂದೆ ಹೀಗೆ ಮಾಡಿ. ತೆಗೆದ ಜಾಬನ್ನು ಕೂಲೆಂಟ್‌ನಲ್ಲಿ ಅದ್ದಿ, ಒರೆಸಿ, ಸರ್ಫೇಸ್ ಪ್ಲೇಟ್ ಮೇಲೆ ಐದು ನಿಮಿಷ ಇಟ್ಟು ಅಳೆಯಿರಿ. ಪ್ರತಿ ಸಲವೂ ಅದೇ ಐದು ನಿಮಿಷ. ಸೀಟ್‌ನ ಎರಡೂ ತುದಿಯಲ್ಲಿ ಅಳೆದು ಬರೆಯಿರಿ. ಟೇಪರ್ ಇದ್ದರೆ ಅದು ಎಕ್ಸ್ ಆಫ್‌ಸೆಟ್‌ನಿಂದ ಹೋಗುವ ತೊಂದರೆಯಲ್ಲ, ಟೇಲ್‌ಸ್ಟಾಕ್ ನೋಡಬೇಕು. ಒಂದೇ ಅಳತೆ ನೋಡಿ ಆಫ್‌ಸೆಟ್ ಮುಟ್ಟಬೇಡಿ. ಸತತ ಮೂರು ಜಾಬ್ ಒಂದೇ ದಿಕ್ಕಿಗೆ ಹೋಗುತ್ತಾ ಸೈಜ್ 24.996 ದಾಟಿದರೆ ಅಥವಾ 24.983ಕ್ಕಿಂತ ಇಳಿದರೆ ತಿದ್ದಿ. ಮಿತಿ ದಾಟಿದ ಒಂದೇ ಜಾಬ್ ಕಂಡರೂ ಮೆಷಿನ್ ನಿಲ್ಲಿಸಿ, ಕಾರಣ ಸಿಕ್ಕಿದ ಮೇಲೆಯೇ ಮುಂದುವರಿಸಿ.

ಇನ್ನೊಂದು ವಿಷಯ. ಸ್ಕ್ರ್ಯಾಪ್ ಆಗುವ ಭಯಕ್ಕೆ ನೀವು ಶುರುವಿನಲ್ಲೇ 24.996 ಇಡುತ್ತೀರಿ. ದೊಡ್ಡದಾದರೆ ರೀವರ್ಕ್ ಮಾಡಬಹುದು ಎಂಬ ಲೆಕ್ಕ ಅರ್ಥವಾಗುತ್ತದೆ. ಆದರೆ ಇನ್ಸರ್ಟ್ ಸವೆದಂತೆ ಹೊರ ವ್ಯಾಸ ದೊಡ್ಡದಾಗುತ್ತಲೇ ಹೋಗುತ್ತದೆ, ಮೇಲೆ ಜಾಗವೇ ಇರುವುದಿಲ್ಲ. 24.987ರಿಂದ ಶುರುಮಾಡಿ, ತಾನಾಗಿ ಏರಲು ಬಿಡಿ. ಇನ್ಸರ್ಟ್ ಬದಲಿಸಿದಾಗ ಹಳೆಯ ಮೈನಸ್ ವೇರ್ ಹಾಗೇ ಉಳಿದರೆ ಮೊದಲ ಜಾಬ್ ಸಣ್ಣದಾಗುತ್ತದೆ. ಎಕ್ಸ್ ವೇರ್‌ಗೆ 0.1 ಪ್ಲಸ್ ಕೊಟ್ಟು ಕಟ್ ಮಾಡಿ, ಅಳೆದು, ಕೆಳಗೆ ಬನ್ನಿ.

ಟ್ರೈನಿಗಳು

ಇಬ್ಬರಲ್ಲಿ ಒಬ್ಬರು ರನ್ನಿಂಗ್ ಜಾಬ್ ನೋಡಿಕೊಳ್ಳಬಲ್ಲರು, ಇನ್ನೊಬ್ಬರು ಇನ್ನೂ ಇಲ್ಲ. ನಾನು ಗಮನಿಸಿದ್ದು ಇಷ್ಟು: ಅವರು ಎಲ್ಲಾದರೂ ತಡವರಿಸಿದರೆ ನೀವು ಕೈ ಸರಿಸಿ ಪ್ಯಾನೆಲ್ ಮುಂದೆ ನೀವೇ ನಿಂತುಬಿಡುತ್ತೀರಿ. ಕೆಲಸ ಬೇಗ ಆಗುತ್ತದೆ, ಅವರು ಕಲಿಯುವುದಿಲ್ಲ. ವಾರಕ್ಕೆ ಒಂದು ಸೆಟ್ಟಿಂಗ್ ಪೂರ್ತಿ ಅವರ ಕೈಯಲ್ಲಿರಲಿ, ಎರಡು ಗಂಟೆ ಹಿಡಿದರೂ ಸರಿ. ಡಿಕ್ಕಿ ಹೊಡೆಯುವ ಅಪಾಯವಿದ್ದರೆ ಮಾತ್ರ ತಡೆಯಿರಿ. ಪ್ಲಾನಿಂಗ್‌ನವರೊಂದಿಗೆ ಮಾತಾಡಿ ಗುರುವಾರದ ಎರಡನೇ ಶಿಫ್ಟ್‌ನಲ್ಲಿ ಇದಕ್ಕೆ ಸಮಯ ಕೊಡಿಸಿದ್ದೇನೆ.

ಶಿಫ್ಟ್ ಬುಕ್‌ನಲ್ಲಿ "ಸೈಜ್ ಪ್ರಾಬ್ಲಮ್" ಎಂದಷ್ಟೇ ಬರೆಯುವುದನ್ನು ನಿಲ್ಲಿಸಿ. ಯಾವ ಸೈಜ್, ಎಷ್ಟು ಬಂತು, ಎಷ್ಟು ತಿದ್ದಿದಿರಿ, ಏಕೆ: ಈ ನಾಲ್ಕು ಇರಲಿ. "ಏಕೆ" ಎಂಬಲ್ಲಿ ಬರೆಯಲು ಏನೂ ತೋಚದಿದ್ದರೆ ಆಫ್‌ಸೆಟ್ ತಿದ್ದುವ ಹೊತ್ತು ಇನ್ನೂ ಬಂದಿಲ್ಲ ಎಂದು ತಿಳಿಯಿರಿ.

ಡಿಸೆಂಬರ್‌ವರೆಗೆ

ರಿಜೆಕ್ಷನ್ ಗುರಿ ಶೇ 1ಕ್ಕೇ ಇರಲಿ, ಸೆಪ್ಟೆಂಬರ್ ಕೊನೆಗೆ. ಸೆಟ್ಟಿಂಗ್‌ನಲ್ಲಿ ಹೊಸ ಗುರಿ ಬೇಡ, ಜಾ ಬೋರ್‌ಗೆ ಹೆಚ್ಚಾಗುವ ಆ ನಾಲ್ಕು ನಿಮಿಷ ಬಿಟ್ಟು 60ರ ಒಳಗೆ ನಿಂತರೆ ಸಾಕು. ಹೊಸದಾಗಿ ಸೇರುವುದು ಡ್ರಾಯಿಂಗ್ ಓದುವುದು: ಎರಡನೇ ಆಪರೇಷನ್‌ನಲ್ಲಿ ಎಲ್ಲಿ ಹಿಡಿಯಬೇಕೆಂಬುದನ್ನು ಡೇಟಮ್ ನೋಡಿ ನೀವೇ ಹೇಳುವಂತಾಗಬೇಕು. ಜುಲೈ ಎರಡನೇ ಶನಿವಾರ ಶಿಫ್ಟ್ ಮುಗಿದ ಮೇಲೆ ಶಾಫ್ಟ್ ಡ್ರಾಯಿಂಗ್ ತೆಗೆದುಕೊಂಡು ಇನ್‌ಸ್ಪೆಕ್ಷನ್ ರೂಮಿಗೆ ಬನ್ನಿ. ಅಷ್ಟರಲ್ಲಿ ಆಗಿರುವ ಬೇರಿಂಗ್ ಸೀಟ್ ಅಳತೆಗಳ ಶೀಟೂ ಜೊತೆಗಿರಲಿ.