ರಾಣಿ ಗೊಂಬೆಯ ನತ್ತು

ಬನ್ನಿರಿ ಬನ್ನಿರಿ, ಚಪ್ಪಲಿ ಬಿಟ್ಟು
ಚಾಪೆಯ ಮೇಲೆ ಕೂರಿ
ಮಕ್ಕಳು ಮುಂದೆ, ದೊಡ್ಡೋರು ಹಿಂದೆ
ಪಕ್ಕಕೆ ಸ್ವಲ್ಪ ಜಾರಿ

ಮುಟ್ಟಬೇಡಿ, ಬರಿ ಕಣ್ಣಲಿ ನೋಡಿ
ಮಣ್ಣಿನ ಗೊಂಬೆಗಳುಂಟು
ಹೋದ ವರುಷವೇ ಹನುಮನ ಬಾಲಕೆ
ಹಚ್ಚಿದ್ದಾಯಿತು ಅಂಟು

ಒಂಬತ್ತು ಮೆಟ್ಟಿಲು, ಬಿಳಿಯ ಪಂಚೆ
ಹಾಸಿದೆ ಮಡಿಕೆ ಬೀಳದಂತೆ
ಕೆಳಗಡೆ ಏನು? ಟ್ರಂಕು, ಸೂಟ್‌ಕೇಸು,
ಮೇಲೆ ಮಾತ್ರ ಸಂತೆ

ಎಲ್ಲಕು ಮೇಲೆ ಕಲಶದ ಪಕ್ಕ
ಪಟ್ಟದ ರಾಜ ರಾಣಿ
ರಕ್ತಚಂದನದ ಮರದಲಿ ಕಡೆದ
ತವರಿನ ಜೋಡಿಯ ಕಾಣಿ

ಮದುವೆಯ ದಿವಸ ಮಡಿಲಲಿ ಇಟ್ಟು
ಅಮ್ಮ ಹೇಳಿದಳಿಷ್ಟೇ:
“ವರುಷಕ್ಕೊಮ್ಮೆ ಹೊಸ ಬಟ್ಟೆ ಹಾಕು,
ಮರೆತೆಯೊ, ನೋಡು, ಅಷ್ಟೇ!”

ಐವತ್ತೆಂಟು ದಸರಾ ಕಂಡವು
ಸವೆಯಲಿಲ್ಲ ಮೋರೆ
ಈ ಸಲ ರಾಜಗೆ ಜರಿಯ ಪೇಟ,
ರಾಣಿಗೆ ರೇಷ್ಮೆ ಸೀರೆ

ಅಮಾವಾಸ್ಯೆ ಸಂಜೆ ಪೆಟ್ಟಿಗೆ ತೆಗೆದು
ಒರೆಸಿ ಕೂರಿಸಿದ್ದಾಯ್ತು
ಪಾಡ್ಯದ ಬೆಳಗ್ಗೆ ನೋಡಿದರೆ, ರಾಣಿಯ
ಮೂಗಿನ ನತ್ತೇ ಹೋಯ್ತು!

(ಎಷ್ಟು ದೊಡ್ಡ ನತ್ತು ಅಂತೀರಾ? ಕೂದಲೆಳೆ ಚಿನ್ನದ ತಂತಿ, ತುದಿಗೆ ಸಾಸಿವೆ ಕಾಳಿನಷ್ಟು ಮುತ್ತು. ನಮ್ಮಜ್ಜಿಯ ಹಳೇ ಓಲೆ ಕರಗಿಸಿ ಮಾಡಿಸಿದ್ದು. ಅಲ್ಲಿ ನೋಡಿ, ಮೂಗು ಬರಿದೇ ಇದೆ, ಅಲ್ವಾ?)

ಹಳೆಯ ಪೇಪರ್ ಬಿಡಿಸಿ ಕೊಡವಿದೆ
ಬೇವಿನ ಎಲೆಯ ಜೊತೆಗೆ
ಮಂಚದ ಕೆಳಗೆ, ಕಸದ ಮೊರದಲಿ
ಹುಡುಕಿ ಬಂದೆ ಹೊರಗೆ

ರಾಣಿಯು ಮುನಿದಳು: “ಮೂಗು ಬೋಳು,
ಮಂದಿಗೆ ಮುಖವ ತೋರೆ!
ಸಂಜೆಗೆ ಆರತಿ ಬೆಳಗುವ ಮುನ್ನ
ಸಿಗದಿದ್ದರೆ ನಾ ಬೇರೆ!”

ರಾಜನ ಸೊಂಟಕೆ ಕತ್ತಿಯು ಉಂಟು,
ಹೆಂಡತಿಯೆದುರು ತೆಪ್ಪಗೆ
ಮೀಸೆಯ ತಿರುವಿ ಮೆಟ್ಟಿಲು ಇಳಿದ
ಸದ್ದೇ ಇಲ್ಲ, ಮೆತ್ತಗೆ

ಎರಡನೆ ಮೆಟ್ಟಿಲು, ದಶಾವತಾರ,
ಕೈಮುಗಿದು ನಿಂತ ಮುಂದೆ
“ಕಳೆದುದ ಹುಡುಕುವ ಕೆಲಸವ, ಸ್ವಾಮಿ,
ಮಾಡಿದ್ದೀರಿ ಹಿಂದೆ!”

ಮತ್ಸ್ಯ ಹೇಳಿತು: “ವೇದವ ತಂದೆ,
ಕಡಲಿನ ತಳವೇ ಗೊತ್ತು
ಟ್ರಂಕಿನ ತಳದಲಿ ಈಜಲಿ ಹೇಗೆ?
ಇಲ್ಲಪ್ಪ ನನ್ನಲಿ ನತ್ತು”

ಕೂರ್ಮ ಅಂದಿತು: “ಬೆನ್ನಲಿ ಬೆಟ್ಟ,
ಅಲುಗುವ ಹಾಗೇ ಇಲ್ಲ”
ವರಾಹ: “ಭೂಮಿಯ ಎತ್ತಿದ ಕೋರೆಗೆ
ಇಷ್ಟು ಚಿಕ್ಕದು ಸಲ್ಲ”

ವಾಮನ ಕೊಡೆಯ ಮಡಿಚಿ ಕೇಳಿದ:
“ಅಳೆಯಲೆ ಮೂರು ಹೆಜ್ಜೆ?”
“ಬೇಡವೆ ಬೇಡ!” ರಾಜನು ಬೆವೆತ,
ನಡುಗಿತು ರಾಣಿಯ ಗೆಜ್ಜೆ

(ಕೊನೆಯಲ್ಲಿ ಕಲ್ಕಿ. ಕುದುರೆಗೆ ಮುಂಗಾಲು ಇಲ್ಲ, ಅದಕ್ಕೇ ಗೋಡೆಗೆ ಒರಗಿಸಿದ್ದೀನಿ. ಅವನು ಬರುವುದು ಇನ್ನೂ ತಡ, ಅಷ್ಟರಲ್ಲಿ ಸರಿ ಮಾಡಿಸಿದರಾಯ್ತು.)

ಮೂರನೆ ಮೆಟ್ಟಿಲು, ಅಶೋಕವನದಲಿ
ಸೀತೆಯು ತಲೆಯ ತಗ್ಗಿಸಿ
ಮರದಲಿ ಹನುಮ, ಅಂಟಿನ ಬಾಲವ
ಮೆಲ್ಲಗೆ ಸುತ್ತಿ ಬಗ್ಗಿಸಿ

“ಉಂಗುರ ತಂದವ ನೀನೇ ತಾನೇ,
ನತ್ತನು ಹುಡುಕೋ ಜಾಣ”
“ಉಂಗುರ ಕೊಟ್ಟು ಚೂಡಾಮಣಿ ತಂದೆ,
ಈಗೀ ಬಾಲಕೆ ಎಲ್ಲಿದೆ ತ್ರಾಣ?”

ನಾಲ್ಕೂ ಐದೂ ಸೇರಿಸಿ ಕಟ್ಟಿದ
ಜಂಬೂ ಸವಾರಿ ನೋಡಿ
ಅಂಬಾರಿಯೊಳಗೆ ಚಾಮುಂಡಿ ತಾಯಿ,
ಹಿಂದೆ ಕುದುರೆಯ ಜೋಡಿ

(ಅರಮನೆಯ ಅಂಬಾರಿ 750 ಕೆ.ಜಿ. ನಮ್ಮದು ಬೆಂಕಿಪೊಟ್ಟಣಕ್ಕೆ ಚಿನ್ನದ ಕಾಗದ. ಮೈಸೂರು ದಸರಾ ಶುರುವಾದದ್ದು 1610ರಲ್ಲಿ, ಶ್ರೀರಂಗಪಟ್ಟಣದಲ್ಲಿ, ರಾಜ ಒಡೆಯರ ಕಾಲಕ್ಕೆ. ನಮ್ಮನೆ ಮೆಟ್ಟಿಲಿಗೆ ಈ ಸವಾರಿ ಬಂದದ್ದು ಮೊಮ್ಮಗ ಹುಟ್ಟಿದ ವರ್ಷ.)

ಪಕ್ಕದಿ ಮಹಿಷ, ಬಲಗೈಲಿ ಕತ್ತಿ,
ಎಡಗೈಯಲ್ಲಿ ಹಾವು
“ಏನೇ ಹೋದರು ನನ್ನನೆ ಕೇಳಿ!
ತೆಪ್ಪಗಿಲ್ಲವೆ ನಾವು?”

ಮಾವುತ ಅಂದ: “ಆನೆಯ ಕಾಲಡಿ
ಬಿದ್ದರೆ ಸಪ್ಪಳವಿಲ್ಲ
ಮೊದಲೇ ಇವನಿಗೆ ಕಬ್ಬಿನ ಚಿಂತೆ,
ಮುತ್ತನು ಮೂಸುವುದಿಲ್ಲ”

ಪೊಲೀಸ್ ಗೊಂಬೆ ವಿಸಿಲು ಊದಿ
ಡೈರಿಯ ತೆಗೆದು ಬರೆದ:
“ಕಳೆದದ್ದು ಯಾವಾಗ? ಸಾಕ್ಷಿ ಯಾರು?
ನಾಳೆ ಬನ್ನಿ” ಎಂದೊರೆದ

ಆರನೆ ಮೆಟ್ಟಿಲು, ಚನ್ನಪಟ್ಟಣದ
ಅರಗಿನ ಬಣ್ಣದ ದಿಬ್ಬಣ
ಓಲಗ ಊದುವ ಕೆನ್ನೆಯ ನೋಡಿ,
ಎರಡು ಬೋಂಡದ ಪ್ರಮಾಣ!

ಡೋಲಿನ ಸದ್ದು, ಓಲಗ ಸದ್ದು,
ರಾಜನ ಮಾತೇ ಕೇಳದು
“ನತ್ತು!” ಅಂದರೆ “ಹೊತ್ತಾ?” ಅಂದರು,
“ಊಟಕೆ ಹೊತ್ತು ಮೀರದು!”

ಏಳನೆ ಮೆಟ್ಟಿಲು, ಶೆಟ್ಟರ ಅಂಗಡಿ,
ಹೊಟ್ಟೆಯೆ ಗಲ್ಲಾಪೆಟ್ಟಿಗೆ
ಪಕ್ಕದಿ ಶೆಟ್ಟಮ್ಮ ವೀಳ್ಯವ ಮಡಿಚಿ
ಜೋಡಿಸುತಿಹಳು ತಟ್ಟೆಗೆ

ಅಕ್ಕಿ, ರಾಗಿ, ಹೆಸರುಕಾಳು,
ತೊಗರಿ, ಅವಲಕ್ಕಿ, ಬೆಲ್ಲ
ಚಿಟಿಕೆ ಗಾತ್ರದ ತಕ್ಕಡಿ ನೋಡಿ,
ತೂಕಕೆ ಮೋಸವೆ ಇಲ್ಲ

“ಧಣಿಗಳೆ, ನಮ್ಮದು ಕಾಳಿನ ವ್ಯಾಪಾರ,
ಮುತ್ತಿನ ಗೊಡವೆಯೆ ಬೇಡ”
ಶೆಟ್ಟರು ಅಂದರು. ಶೆಟ್ಟಮ್ಮ ಮಾತ್ರ
ಮುಚ್ಚಿದ ನಗುವ ನೋಡ!

(ಆ ನಗು ಯಾಕೆ ಅಂತ ಈಗ ಕೇಳಬೇಡಿ. ಸುಮ್ನೆ ನೆನಪಲ್ಲಿ ಇಟ್ಟುಕೊಳ್ಳಿ.)

ಎಂಟನೆ ಮೆಟ್ಟಿಲು, ರಾಗಿಯ ಮೊಳಕೆ
ಪಾರ್ಕಿನ ಹಸಿರು ಹುಲ್ಲು
ಕನ್ನಡಿ ಕೊಳದಲಿ ಪ್ಲಾಸ್ಟಿಕ್ ಬಾತು,
ದಂಡೆಗೆ ಮರಳು, ಕಲ್ಲು

ಜಿಂಕೆಯು ಅಂದಿತು: “ಮೊಳಕೆಯ ಬಿಟ್ಟು
ಬೇರೇನೂ ತಿನ್ನೆನು ನಾನು”
ಹುಲಿಯು ಅಂದಿತು: “ಜಿಂಕೆಯ ಬಿಟ್ಟು...”
ಓಡಿತು ಜಿಂಕೆ ತಾನು!

ಒಂಬತ್ತರಲ್ಲಿ ಹನ್ನೊಂದು ಹುಡುಗರು,
ಕ್ರಿಕೆಟ್ಟಿನದೇ ಆಟ
ಅಂಪೈರ್ ಬೆರಳನು ಎತ್ತಿದ ನೋಡಿ:
“ರಾಜರೆ, ಔಟು! ಟಾಟಾ!”

ಮೆಟ್ಟಿಲು ಮುಗಿಯಿತು, ನೆಲಕ್ಕೆ ಬಂದ,
ಪೇಟವ ತೆಗೆದು ಕೂತ
ದೀಪದ ಬುಡದಲಿ ಗಣಪನ ಇಲಿಯು
ಕೇಳಿತು, “ಯಾಕೆ ತಾತ?

ಆನೆಯ ಕೇಳಿದೆ, ಹುಲಿಯ ಕೇಳಿದೆ,
ನನ್ನ ಬಿಟ್ಟದ್ದೇ ತಪ್ಪು
ರಾತ್ರಿಯ ಸುದ್ದಿ ನನಗೇ ಗೊತ್ತು,
ಹೇಳುವೆ, ಬೆಲ್ಲಕೆ ಒಪ್ಪು

ನಿನ್ನೆಯ ರಾತ್ರಿ ಅಜ್ಜಿಯು ಸೆರಗಲಿ
ರಾಣಿಯ ಮುಖವನು ಒರೆಸಿ
ಶೆಟ್ಟರ ಅಂಗಡಿಗೆ ಕಾಳನು ತುಂಬಲು
ಬಗ್ಗಿದಳು ಕೈ ಇಳಿಸಿ

ಸೆರಗಿನ ಎಳೆಗೆ ಸಿಕ್ಕಿದ್ದು ಜಾರಿ
ಬಿದ್ದಿತು ಟಣ್ ಎನ್ನದೆ
ಯಾವುದು ಬಟ್ಟಲು? ಅದ ನಾ ಹೇಳೆ!”
ಓಡಿತು ಇಲಿ ನಿಲ್ಲದೆ

ಈಗ ಮಕ್ಕಳೆ, ನಿಮ್ಮದೆ ಸರದಿ,
ಒಬ್ಬೊಬ್ಬರಾಗಿ ಬನ್ನಿ
ಆರು ಬಟ್ಟಲು, ಒಂದೇ ಬೆರಳು,
ಯಾವುದು, ನೋಡಿ ಅನ್ನಿ

(ಬೆಲ್ಲಕ್ಕೆ ಕೈ ಹಾಕಿ ನೆಕ್ಕಬೇಡ ಕಣೋ ಪುಟ್ಟ! ರಾಗಿಯಲ್ಲಿ ಇಲ್ಲ. ಹೆಸರುಕಾಳಲ್ಲಿ? ಅಲ್ಲೂ ಇಲ್ಲ. ಬಿಳಿ ಮುತ್ತು ಎಲ್ಲಿ ಬಿದ್ದರೆ ಕಣ್ಣಿಗೆ ಬೀಳಲ್ಲ, ಹೇಳಿ ನೋಡೋಣ. ಹಾಂ, ಮೆಲ್ಲಗೆ...)

ಸಿಕ್ಕಿತು ಸಿಕ್ಕಿತು! ಅಕ್ಕಿಯ ನಡುವೆ
ಮಿಣ್ಣಗೆ ಮಿಂಚುವ ಮುತ್ತು
ಹುಡುಕಿದ ಕೈಯೇ ತೊಡಿಸಲಿ ಈಗ
ರಾಣಿಯ ಮೂಗಿಗೆ ನತ್ತು

ರಾಣಿಯು ನಕ್ಕಳು, ರಾಜನು ಏರಿದ
ಒಂಬತ್ತು ಮೆಟ್ಟಿಲು ಓಡಿ
ವಿಜಯದಶಮಿಯ ರಾತ್ರಿ ಮಲಗುವರು
ಮುಂದಿನ ವರ್ಷಕೆ ಜೋಡಿ

(ನಾಳೆ ಬರುವವರಿಗೆ ಅಕ್ಕಿ ಅಂತ ಹೇಳಿಬಿಡಬೇಡಿ ಮತ್ತೆ. ನನಗೆ ಇನ್ನೂ ಆರು ಸಂಜೆ ಇದೆ.)

ಆರತಿ ಆಯಿತು, ಕೈಯನು ಮುಗಿಯಿರಿ,
ಚರ್ಪಿದೆ, ಏಳಬೇಡಿ
ಕಡಲೆಕಾಳುಸ್ಲಿ, ರವೆಯುಂಡೆ, ಕೋಡುಬಳೆ,
ಡಬ್ಬಿಯ ಮುಚ್ಚಳ ನೋಡಿ

ನತ್ತನು ಹುಡುಕಿದ ಪುಟ್ಟ ಕೈಗೆ
ಕೋಡುಬಳೆ ಒಂದು ಜಾಸ್ತಿ
ಇಲಿಗೆ ಬೆಲ್ಲ, ಮರೆತರೆ ರಾತ್ರಿ
ಟ್ರಂಕಿನ ಸೀರೆಗೆ ಶಾಸ್ತಿ!